ಗಜೇಂದ್ರಗಡದ ಸೀರೆ ಮತ್ತು ಹತ್ತೊಂಬತ್ತು ಪದಗಳ ಶೀರ್ಷಿಕೆ

ಆನ್‌ಲೈನ್ ಅಂಗಡಿಯಲ್ಲಿ ಇಟ್ಟ ಸರಕು ಗ್ರಾಹಕರ ಕಣ್ಣಿಗೆ ಬೀಳಬೇಕಾದರೆ ಅದರ ಲಿಸ್ಟಿಂಗ್ ಎರಡು ಹಂತ ದಾಟಬೇಕು. ಗ್ರಾಹಕರು ಟೈಪ್ ಮಾಡಿದ ಪದ ಲಿಸ್ಟಿಂಗಿನಲ್ಲಿ ಎಲ್ಲಾದರೂ ಇದೆಯೇ ಎಂದು ನೋಡುವುದು ಮೊದಲನೆಯದು. ಇದ್ದರೆ ಸರಕು ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗೆ ಸೇರಿದ ಸಾವಿರಾರು ಸರಕುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ಎರಡನೆಯದು. ಕೀವರ್ಡ್ ಹೆಚ್ಚಿಸುವ ಅಭ್ಯಾಸ ಹುಟ್ಟಿದ್ದು ಮೊದಲನೆಯ ಹಂತದ ತರ್ಕದಿಂದ: ಪದ ಹೆಚ್ಚಾದಷ್ಟೂ ಹೊಂದುವ ಹುಡುಕಾಟಗಳು ಹೆಚ್ಚು. ಆ ತರ್ಕ ತಪ್ಪಲ್ಲ. ಆದರೆ ಮಾರಾಟ ನಿಂತಿರುವುದು ಎರಡನೆಯ ಹಂತದ ಮೇಲೆ, ಅಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಸಂಬಂಧವಿಲ್ಲದ ಪದಗಳು ಸರಕಿನ ಪ್ರಸ್ತುತತೆಯನ್ನು ತಗ್ಗಿಸುತ್ತವೆ, ನೋಡಿದವರಲ್ಲಿ ಕೊಳ್ಳುವವರ ಪಾಲನ್ನು ಕುಗ್ಗಿಸುತ್ತವೆ. ಆ ಕುಗ್ಗಿದ ಪಾಲು ಮರಳಿ ಬಂದು ಸರಕನ್ನು ಪಟ್ಟಿಯಲ್ಲಿ ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ.

ಗದಗ ಜಿಲ್ಲೆಯ ಗಜೇಂದ್ರಗಡ, ರೋಣ ಮತ್ತು ನರಗುಂದದಂಥ ಊರುಗಳಲ್ಲಿ ಇದು ಪುಸ್ತಕದ ಮಾತಲ್ಲ. ಗಜೇಂದ್ರಗಡ ಇತ್ತೀಚಿನವರೆಗೆ ರೋಣ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲ್ಲೂಕು. ಕೈಮಗ್ಗ ಅಲ್ಲಿನ ಹಳೆಯ ಕಸುಬು, ಪಟ್ಟೇದ ಅಂಚು ಎಂಬ ಹತ್ತಿ ಸೀರೆಯ ಹೆಸರು ಆ ಊರಿನೊಂದಿಗೇ ಕೂಡಿಕೊಂಡಿದೆ. ರೋಣ, ನರಗುಂದದ ಎರೆಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ತಳಿಯ ಮೆಣಸಿನಕಾಯಿಯೂ ಈಗ ಪುಡಿಯಾಗಿ, ಪೊಟ್ಟಣವಾಗಿ ಆನ್‌ಲೈನ್ ಅಂಗಡಿ ಸೇರುತ್ತಿದೆ. ಇಂಥ ಸರಕನ್ನು ಮಾರುವವರು ಸಣ್ಣವರು. ತಿಂಗಳಿಗೆ ಹತ್ತಿಪ್ಪತ್ತು ಆರ್ಡರ್ ಬಂದರೆ ಅದೇ ದೊಡ್ಡದು. ಹೆಚ್ಚುವರಿ ಪದಗಳ ಪೆಟ್ಟು ದೊಡ್ಡ ಕಂಪನಿಗಿಂತ ಇಂಥವರಿಗೇ ಜೋರಾಗಿ ತಾಗುತ್ತದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಉದಾಹರಣೆಗೆ ಒಂದು ಸೀರೆಯನ್ನು ತೆಗೆದುಕೊಳ್ಳಬಹುದು. ಗಜೇಂದ್ರಗಡದ ಕೈಮಗ್ಗದಲ್ಲಿ ನೇಯ್ದದ್ದು, ಅಪ್ಪಟ ಹತ್ತಿ, ಸಾಸಿವೆ ಬಣ್ಣದ ಚೌಕಳಿ ಒಡಲು, ಕೆಂಪು ದಡಿ. ರೇಷ್ಮೆಯ ಸೆರಗಿಲ್ಲ, ಜರಿಯಿಲ್ಲ. ಇದನ್ನು ಅಂಗಡಿಗೆ ಏರಿಸುವಾಗ ಸಾಮಾನ್ಯವಾಗಿ ಕಾಣುವ ಬಗೆಯ ಶೀರ್ಷಿಕೆ ಹೀಗಿರುತ್ತದೆ:

```
Gajendragad Handloom Saree Pure Cotton Ilkal Kanchipuram
Paithani Silk Saree Wedding Party Wear Saree Latest
Bollywood Design Under 500
```

ಇದೇ ಸೀರೆಗೆ ಇನ್ನೊಂದು ಶೀರ್ಷಿಕೆ:

```
Gajendragad Handloom Cotton Saree, Patteda Anchu,
Mustard Checks with Red Border
```

ಮೊದಲನೆಯದರಲ್ಲಿ ಹತ್ತೊಂಬತ್ತು ಪದ, ಎರಡನೆಯದರಲ್ಲಿ ಹನ್ನೊಂದು. ಮೊದಲನೆಯದು ಹೆಚ್ಚು ಜನರನ್ನು ತಲುಪಬೇಕು ಎಂಬ ನಿರೀಕ್ಷೆ ಸಹಜ. ಅದು ಏಕೆ ಕೈಕೊಡುತ್ತದೆ ಎಂಬುದಕ್ಕೆ ಪದಗಳ ತೂಕ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ನೋಡಬೇಕು.

ಪಠ್ಯವನ್ನು ಹುಡುಕುವ ವಿಜ್ಞಾನದಲ್ಲಿ ಎರಡು ಹಳೆಯ ಸಂಗತಿಗಳು ಇಂದಿಗೂ ಆಧಾರವಾಗಿವೆ. 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ತೋರಿಸಿಕೊಟ್ಟಿದ್ದು ಮೊದಲನೆಯದು: ಎಲ್ಲ ದಾಖಲೆಗಳಲ್ಲೂ ಇರುವ ಪದಕ್ಕೆ ಬೆಲೆ ಕಡಿಮೆ, ಕೆಲವೇ ದಾಖಲೆಗಳಲ್ಲಿರುವ ಪದಕ್ಕೆ ಬೆಲೆ ಹೆಚ್ಚು. ಸೀರೆಯ ವಿಭಾಗದಲ್ಲಿ ಇರುವುದೆಲ್ಲ ಸೀರೆಯೇ ಆದ್ದರಿಂದ ಅಲ್ಲಿ `saree` ಎಂಬ ಪದ ಒಂದು ಸರಕನ್ನು ಇನ್ನೊಂದರಿಂದ ಬೇರೆ ಮಾಡುವುದಿಲ್ಲ. ಅದನ್ನು ಮೂರು ಸಲ ಬರೆದರೂ ಗಿಟ್ಟುವುದು ಏನೂ ಇಲ್ಲವೆನ್ನುವಷ್ಟು. `Patteda Anchu` ಎಂಬ ಜೋಡಿಪದ ಬೆರಳೆಣಿಕೆಯ ಲಿಸ್ಟಿಂಗ್‌ಗಳಲ್ಲಿ ಮಾತ್ರ ಇರುವಂಥದ್ದು. ಅದನ್ನು ಹುಡುಕಿ ಬಂದವರಿಗೆ ಆ ಸೀರೆಯನ್ನು ಮೇಲೆತ್ತಿ ತೋರಿಸುವ ಬಲ ಅದಕ್ಕಿದೆ. ಉದ್ದ ಶೀರ್ಷಿಕೆಯಲ್ಲಿ ಬಿಟ್ಟುಹೋಗಿರುವುದು ಅದೇ ಪದ. ಇದು ಆಕಸ್ಮಿಕವಲ್ಲ. ಎಲ್ಲರೂ ಹುಡುಕುವ ಪದಗಳನ್ನು ತುಂಬುವ ಆತುರದಲ್ಲಿ ಆ ಸೀರೆಗೆ ಮಾತ್ರ ಸಲ್ಲುವ ಹೆಸರಿಗೇ ಜಾಗ ಸಿಗುವುದಿಲ್ಲ.

ಎರಡನೆಯ ಸಂಗತಿ ಉದ್ದಕ್ಕೆ ಸಂಬಂಧಿಸಿದ್ದು. 1990ರ ದಶಕದಲ್ಲಿ ರೂಪುಗೊಂಡ ಬಿಎಂ25 ಎಂಬ ಅಂಕ ಕೊಡುವ ಪದ್ಧತಿ ಇಂದಿಗೂ ಅನೇಕ ಹುಡುಕಾಟ ತಂತ್ರಾಂಶಗಳ ತಳಪಾಯ. ಹುಡುಕಿದ ಪದವೊಂದು ಚಿಕ್ಕ ಪಠ್ಯದಲ್ಲಿ ಸಿಕ್ಕರೆ ಆ ಪಠ್ಯ ಅದರ ಕುರಿತೇ ಇರುವ ಸಂಭವ ಹೆಚ್ಚು, ಉದ್ದನೆಯ ಪಠ್ಯದಲ್ಲಿ ಸಿಕ್ಕರೆ ಕಡಿಮೆ ಎಂದು ಅದು ಎಣಿಸುತ್ತದೆ. ಆ ವಿಭಾಗದ ಶೀರ್ಷಿಕೆಗಳ ಸರಾಸರಿ ಉದ್ದ ಹನ್ನೆರಡು ಪದ ಎಂದಿಟ್ಟುಕೊಂಡು, ಪದ್ಧತಿಯ ರೂಢಿಯ ಮೌಲ್ಯಗಳನ್ನೇ ಹಾಕಿ ಲೆಕ್ಕ ಮಾಡಿದರೆ, `handloom` ಎಂಬ ಪದಕ್ಕೆ ಹನ್ನೊಂದು ಪದಗಳ ಶೀರ್ಷಿಕೆಯಲ್ಲಿ ಸುಮಾರು 1.04ರಷ್ಟು ತೂಕ ಬರುತ್ತದೆ, ಹತ್ತೊಂಬತ್ತು ಪದಗಳ ಶೀರ್ಷಿಕೆಯಲ್ಲಿ ಸುಮಾರು 0.81. ಸರಕು ಅದೇ, ಪದವೂ ಅದೇ. ಅಕ್ಕಪಕ್ಕದಲ್ಲಿ ಬಂದು ಕೂತ ಬೇರೆ ಪದಗಳ ಕಾರಣಕ್ಕೆ ಐದನೇ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಹೋಯಿತು. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮುಂತಾದ ಅಂಗಡಿಗಳು ತಮ್ಮ ಪೂರ್ತಿ ಸೂತ್ರವನ್ನು ಹೊರಗೆ ಬಿಡುವುದಿಲ್ಲ, ಅವುಗಳ ಲೆಕ್ಕ ಇದಕ್ಕಿಂತ ಜಟಿಲ. ಆದ್ದರಿಂದ ಈ ಅಂಕಿಗಳನ್ನು ದಿಕ್ಕು ತೋರಿಸುವುದಕ್ಕೆ ಮಾತ್ರ ಬಳಸಬೇಕು. ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಪದ ತುರುಕುವುದನ್ನು ಅಂಗಡಿಗಳೇ ತಡೆಯತೊಡಗಿವೆ: 2025ರ ಜನವರಿಯಲ್ಲಿ ಜಾರಿಗೆ ಬಂದ ಅಮೆಜಾನ್ ನಿಯಮದಂತೆ ಹೆಚ್ಚಿನ ವಿಭಾಗಗಳಲ್ಲಿ ಶೀರ್ಷಿಕೆ 200 ಅಕ್ಷರ ಮೀರುವಂತಿಲ್ಲ, ಒಂದೇ ಪದ ಎರಡಕ್ಕಿಂತ ಹೆಚ್ಚು ಸಲ ಬರುವಂತಿಲ್ಲ. ಮೂರು ಸಲ `Saree` ಎಂದಿರುವ ಮೇಲಿನ ಶೀರ್ಷಿಕೆ ಅಲ್ಲಿಯೇ ಎಡವುತ್ತದೆ.

ಇಷ್ಟೆಲ್ಲ ಯಂತ್ರದ ಓದು. ಮನುಷ್ಯರ ಓದು ಇದಕ್ಕಿಂತ ಕಠಿಣ. ಮೊಬೈಲ್ ಪರದೆಯಲ್ಲಿ ಶೀರ್ಷಿಕೆಯ ಮೊದಲ ಎರಡು ಸಾಲು ಕಾಣುತ್ತದೆ, ಉಳಿದದ್ದು ಚುಕ್ಕಿಗಳಲ್ಲಿ ಮರೆಯಾಗುತ್ತದೆ. ಉದ್ದ ಶೀರ್ಷಿಕೆಯ ಆ ಮೊದಲ ಭಾಗದಲ್ಲಿ `Pure Cotton` ಎಂದೂ ಇದೆ, `Silk` ಎಂದೂ ಇದೆ, ಬೇರೆ ಮೂರು ಊರುಗಳ ನೇಕಾರಿಕೆಯ ಹೆಸರೂ ಇದೆ. ಹತ್ತಿ ಕೈಮಗ್ಗದ ಸೀರೆಯನ್ನೇ ಹುಡುಕಿ ಬಂದ ಗ್ರಾಹಕಿಗೆ ಅದನ್ನು ಓದಿದ ಕೂಡಲೇ ಏಳುವ ಪ್ರಶ್ನೆ: ಇದು ಹತ್ತಿಯೋ, ರೇಷ್ಮೆಯೋ, ಎರಡೂ ಅಲ್ಲದ ಪಾಲಿಯೆಸ್ಟರೋ? ಮಗ್ಗದ ಸೀರೆ ಹೆಸರಿನಲ್ಲಿ ಯಂತ್ರದ ನಕಲು ಕೊಂಡು ಮೋಸಹೋದವರಿಗೆ ಇಂಥ ಶೀರ್ಷಿಕೆ ಚಿರಪರಿಚಿತ. ಅವರು ಮುಂದಕ್ಕೆ ಹೋಗಿಬಿಡುತ್ತಾರೆ. ನಷ್ಟದ ಈ ಭಾಗ ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಹೆಚ್ಚುವರಿ ಪದಗಳು ತಪ್ಪು ಗ್ರಾಹಕರನ್ನು ಕರೆತರುತ್ತವೆ ಎಂಬುದು ಸುಲಭವಾಗಿ ಹೊಳೆಯುತ್ತದೆ. ಸರಿಯಾದ ಗ್ರಾಹಕರನ್ನು ಅವು ಓಡಿಸುತ್ತವೆ ಎಂಬುದು ಹೊಳೆಯುವುದಿಲ್ಲ, ಏಕೆಂದರೆ ಹೋದವರು ಕಾರಣ ಹೇಳಿ ಹೋಗುವುದಿಲ್ಲ.

ತಪ್ಪು ಗ್ರಾಹಕರು ಬಂದಾಗ ಏನಾಗುತ್ತದೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಚಿಕ್ಕ ಶೀರ್ಷಿಕೆಯ ಸೀರೆ ಒಂದು ತಿಂಗಳಲ್ಲಿ 1,000 ಸಲ ಪರದೆಯ ಮೇಲೆ ಕಾಣಿಸಿಕೊಂಡಿತು, 40 ಜನ ಒತ್ತಿ ನೋಡಿದರು, ನಾಲ್ವರು ಕೊಂಡರು. ಒತ್ತಿದವರು ನೂರಕ್ಕೆ ನಾಲ್ಕು, ಒತ್ತಿದವರಲ್ಲಿ ಕೊಂಡವರು ನೂರಕ್ಕೆ ಹತ್ತು. ಈಗ ಕಾಂಚೀಪುರಂ, ಪೈಠಣಿ, ಪಾರ್ಟಿ ವೇರ್ ಪದಗಳು ಸೇರಿದವು. ಹೊಸ ಹುಡುಕಾಟಗಳಿಂದ 5,000 ಸಲ ಹೆಚ್ಚಿಗೆ ಕಾಣಿಸಿತು, 50 ಜನ ಒತ್ತಿದರು, ಒಬ್ಬರು ಕೊಂಡರು. ತಿಂಗಳ ಕೊನೆಗೆ ಐದು ಮಾರಾಟ. ನಾಲ್ಕಿದ್ದದ್ದು ಐದಾಯಿತು, ಪದ ಸೇರಿಸಿದ್ದು ಫಲಿಸಿತು ಎಂದು ಮಾರುವವರಿಗೆ ಅನ್ನಿಸುವುದು ಈ ಕ್ಷಣದಲ್ಲಿ.

ಅಂಗಡಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಮೊದಲು 250 ಸಲ ತೋರಿಸಿದರೆ ಒಂದು ಸೀರೆ ಮಾರುತ್ತಿತ್ತು. ಈಗ ಒಂದು ಮಾರಾಟಕ್ಕೆ 1,200 ಸಲ ತೋರಿಸಬೇಕು. ಒತ್ತುವವರ ಪಾಲು ನೂರಕ್ಕೆ ಒಂದೂವರೆಗೆ ಇಳಿಯಿತು, ಕೊಳ್ಳುವವರ ಪಾಲು ನೂರಕ್ಕೆ ಹತ್ತರಿಂದ ಐದೂವರೆಯ ಆಸುಪಾಸಿಗೆ. ಪರದೆಯ ಮೇಲಿನ ಪ್ರತಿಯೊಂದು ಜಾಗವೂ ಅಂಗಡಿಗೆ ಬೆಲೆಯುಳ್ಳದ್ದು. ಅಲ್ಲಿ ಬೇರೆ ಸೀರೆ ತೋರಿಸಿದರೆ ಹೆಚ್ಚು ಮಾರುತ್ತದೆ ಎಂದು ಕಂಡರೆ ಅದು ಬೇರೆಯದನ್ನೇ ತೋರಿಸುತ್ತದೆ. ಇದು ಊಹೆಯ ಮಾತಲ್ಲ. ಅಮೆಜಾನ್ ಹುಡುಕಾಟ ವಿಭಾಗದ ಡಾರಿಯಾ ಸೊರೊಕಿನಾ ಮತ್ತು ಎರಿಕ್ ಕಾಂತೂ-ಪಾಜ್ 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸರಕುಗಳನ್ನು ಸಾಲುಗೂಡಿಸುವಾಗ ಗ್ರಾಹಕರ ನಡವಳಿಕೆ ಎಷ್ಟು ಮುಖ್ಯ ಎಂಬುದು ಸ್ಪಷ್ಟವಾಗಿದೆ. ಎಟ್ಸಿ ಎಂಬ ಕರಕುಶಲ ಮಾರುಕಟ್ಟೆಯೂ ಜನ ಒತ್ತಿ, ಕೊಂಡ ಪ್ರಮಾಣವನ್ನು ತನ್ನ ಸಾಲುಗೂಡಿಕೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಾಗಿ ಮಾರಾಟಗಾರರಿಗೆ ಬಹಿರಂಗವಾಗಿಯೇ ಹೇಳಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದಕ್ಕೆ ಹುರುಳಿದೆ. ಪೈಠಣಿ ಹುಡುಕಿದವರು ಈ ಸೀರೆಯನ್ನು ಕೊಳ್ಳದಿದ್ದರೆ, ಪೈಠಣಿ ಹುಡುಕಾಟದಲ್ಲಿ ಅದು ಕೆಳಗಿಳಿಯಲಿ. ಹತ್ತಿ ಕೈಮಗ್ಗ ಹುಡುಕಿದವರ ಪಟ್ಟಿಯಲ್ಲಿ ಏಕೆ ಇಳಿಯಬೇಕು? ಹುಡುಕಾಟ ಮತ್ತು ಸರಕಿನ ಪ್ರತಿ ಜೋಡಿಗೂ ಬೇರೆ ಬೇರೆ ದಾಖಲೆ ಇಟ್ಟರೆ ಒಂದರ ಸೋಲು ಇನ್ನೊಂದಕ್ಕೆ ತಾಗಬಾರದಲ್ಲವೇ? ದೊಡ್ಡ ಅಂಗಡಿಗಳು ಅಂಥ ದಾಖಲೆ ಇಡುತ್ತವೆ, ದಿನಕ್ಕೆ ಸಾವಿರ ಸಲ ಮಾರುವ ಸರಕಿನ ಮಟ್ಟಿಗೆ ಈ ಆಕ್ಷೇಪ ಬಹುಪಾಲು ನಿಜ. ಗಜೇಂದ್ರಗಡದ ಸೀರೆಯ ಪರಿಸ್ಥಿತಿ ಅದಲ್ಲ. ಪಟ್ಟೇದ ಅಂಚು ಎಂದು ತಿಂಗಳಿಗೆ ಕೆಲವರಷ್ಟೇ ಹುಡುಕುವಾಗ, ಆ ಜೋಡಿಯ ದಾಖಲೆಯಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಆಗ ಸರಕಿನ ಒಟ್ಟಾರೆ ನಡತೆಯನ್ನೇ ನೋಡುವುದು ಇಂಥ ವ್ಯವಸ್ಥೆಗಳಿಗೆ ಸಹಜವಾದ ದಾರಿ: ಎಷ್ಟು ಮಾರಿದೆ, ಎಷ್ಟು ಮರಳಿ ಬಂದಿದೆ, ಎಷ್ಟು ನಕ್ಷತ್ರ ಸಿಕ್ಕಿದೆ. ಒಟ್ಟು ಲೆಕ್ಕ ಕೆಟ್ಟಿದ್ದರೆ ಸರಿಯಾದ ಹುಡುಕಾಟದಲ್ಲೂ ಸರಕು ಹಿಂದೆ ಬೀಳುತ್ತದೆ. ದತ್ತಾಂಶ ಕಡಿಮೆ ಇರುವ ಸಣ್ಣ ಮಾರಾಟಗಾರರಿಗೆ ಹೆಚ್ಚುವರಿ ಪದಗಳ ಪೆಟ್ಟು ಜೋರು ಎಂದು ಹೇಳಿದ್ದು ಇದೇ ಕಾರಣಕ್ಕೆ.

ಒಂದು ಹುಡುಕಾಟದ ತಪ್ಪು ಇನ್ನೊಂದಕ್ಕೆ ದಾಟುವ ಮತ್ತೊಂದು ದಾರಿಯೂ ಇದೆ, ಅದು ಗ್ರಾಹಕರ ಅಭಿಪ್ರಾಯ. ರೋಣ, ನರಗುಂದದ ಮೆಣಸಿನಕಾಯಿ ಇದಕ್ಕೆ ಒಳ್ಳೆಯ ನಿದರ್ಶನ. ಜಿಐ ಮಾನ್ಯತೆ ಪಡೆದಿರುವ ಬ್ಯಾಡಗಿಯ ಹೆಚ್ಚುಗಾರಿಕೆ ಬಣ್ಣದಲ್ಲಿದೆ: ಕಡುಗೆಂಪು, ಸುಕ್ಕುಗಟ್ಟಿದ ಸಿಪ್ಪೆ, ಖಾರ ಮಂದ. ಗುಂಟೂರಿನ ಕಾಯಿಗೆ ಹೆಸರು ಬಂದಿದ್ದು ಖಾರಕ್ಕೆ. ಬ್ಯಾಡಗಿ ಪುಡಿಯ ಲಿಸ್ಟಿಂಗಿಗೆ ಹುಡುಕಾಟ ಹೆಚ್ಚಲಿ ಎಂದು `Guntur`, `extra hot`, `spicy` ಎಂಬ ಪದಗಳನ್ನು ಸೇರಿಸಿದರೆ, ಖಾರದ ಪುಡಿ ಬೇಕಾದವರು ಅದನ್ನು ಕೊಳ್ಳುತ್ತಾರೆ. ಅಂದರೆ ಇಲ್ಲಿ ಕನ್ವರ್ಷನ್ ಮೊದಲಿಗೆ ಬೀಳುವುದೇ ಇಲ್ಲ, ಏರಲೂಬಹುದು. ಪುಡಿ ಸಾರಿಗೆ ಬಿದ್ದ ಮೇಲೆ ಕಥೆ ಬದಲಾಗುತ್ತದೆ. ಖಾರವೇ ಇಲ್ಲ, ಬರೀ ಬಣ್ಣ, ಕಲಬೆರಕೆ ಇರಬೇಕು ಎಂದು ಒಂದು ನಕ್ಷತ್ರದ ಅಭಿಪ್ರಾಯ ಬರುತ್ತದೆ. ಪುಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಆ ಮಾತು ಲಿಸ್ಟಿಂಗಿನ ಕೆಳಗೆ ಉಳಿದುಬಿಡುತ್ತದೆ. ಬಣ್ಣಕ್ಕಾಗಿಯೇ ಬ್ಯಾಡಗಿ ಹುಡುಕಿ ಬಂದವರೂ ಅದನ್ನು ಓದುತ್ತಾರೆ, ಕಲಬೆರಕೆ ಎಂಬ ಮಾತು ಕಂಡ ಮೇಲೆ ಕೊಳ್ಳುವುದಿಲ್ಲ. ಮೂರು ಪದ ಅಳಿಸಿದರೂ ಆ ನಕ್ಷತ್ರ ಅಳಿಯುವುದಿಲ್ಲ. ಕೀವರ್ಡ್‌ನಿಂದಾಗುವ ಹಾನಿಗಳಲ್ಲಿ ಸರಿಪಡಿಸಲು ಅತಿ ಕಷ್ಟವಾದದ್ದು ಇದು. ಬೆಳೆದವರ ದುಡಿಮೆಗೆ ಇಲ್ಲದ ಕಳಂಕ ಹೊರಿಸುವಂಥದ್ದೂ ಹೌದು.

ಜಾಹೀರಾತು ಸೇರಿದರೆ ನಷ್ಟ ನೇರವಾಗಿ ರೂಪಾಯಿಯಲ್ಲಿ ಕಾಣುತ್ತದೆ. ಅಂಗಡಿಗಳ ಸ್ವಯಂಚಾಲಿತ ಜಾಹೀರಾತು ಲಿಸ್ಟಿಂಗಿನ ಪಠ್ಯ ಓದಿಯೇ ಯಾವ ಹುಡುಕಾಟಕ್ಕೆ ತೋರಿಸಬೇಕೆಂದು ಗೊತ್ತುಮಾಡುತ್ತದೆ. ಒಂದು ಒತ್ತುವಿಕೆಗೆ ಐದು ರೂಪಾಯಿ ಎಂದುಕೊಂಡರೆ, ಮೇಲಿನ ಲೆಕ್ಕದ ಮೊದಲ 40 ಒತ್ತುವಿಕೆಗೆ 200 ರೂಪಾಯಿ, ನಾಲ್ಕು ಮಾರಾಟ, ಸೀರೆಯೊಂದಕ್ಕೆ 50 ರೂಪಾಯಿ. ನಂತರದ 50 ಒತ್ತುವಿಕೆಗೆ 250 ರೂಪಾಯಿ, ಒಂದೇ ಮಾರಾಟ. ಕೈಮಗ್ಗದ ಹತ್ತಿ ಸೀರೆಯಲ್ಲಿ ಉಳಿಯುವ ಲಾಭವನ್ನು ಆ 250 ನುಂಗಿಬಿಡಬಹುದು.

ಇಷ್ಟಾದರೂ ಪದ ಕಡಿಮೆ ಮಾಡುವುದೇ ಗುರಿ ಎಂದು ತಿಳಿದರೆ ತಪ್ಪಾಗುತ್ತದೆ. ಲಿಸ್ಟಿಂಗಿನಲ್ಲಿ ಇಲ್ಲದ ಪದಕ್ಕೆ ಸರಕು ಸಿಗದೇ ಹೋಗಬಹುದು ಎಂಬ ಮೊದಲನೆಯ ಹಂತದ ಸತ್ಯ ಹಾಗೆಯೇ ಇದೆ. ಬೆಂಗಳೂರಿನ ಗ್ರಾಹಕಿ `Gajendragad` ಎಂದು ಬರೆದರೆ ಪುಣೆಯವರು `Gajendragarh` ಎಂದು ಬರೆಯಬಹುದು. `saree`, `sari`, `seere` ಮೂರೂ ಬಳಕೆಯಲ್ಲಿವೆ. ಇಂಥ ಪದಗಳು ಹೊಸ ಗ್ರಾಹಕರನ್ನು ತರುತ್ತವೆ, ಆದರೆ ಬೇರೆ ಬಯಕೆಯವರನ್ನಲ್ಲ. ಆದ್ದರಿಂದ ಒಂದು ಪದ ಬೇಕೋ ಬೇಡವೋ ಎಂಬುದಕ್ಕೆ ಪದಗಳ ಸಂಖ್ಯೆ ಅಳತೆಗೋಲಲ್ಲ. ಆ ಪದವನ್ನು ಟೈಪ್ ಮಾಡಿದವರ ಮುಂದೆ ಈ ಸೀರೆಯನ್ನು ಬಿಚ್ಚಿಟ್ಟರೆ, ಹುಡುಕಿದ್ದು ಇದನ್ನೇ ಎಂದು ಅವರು ಒಪ್ಪುತ್ತಾರೆಯೇ ಎಂಬುದೇ ಅಳತೆ.

ಈ ಅಳತೆಗೆ ಇಳಕಲ್ ಎಂಬ ಪದವನ್ನು ಒಡ್ಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಳಕಲ್ ಗಜೇಂದ್ರಗಡಕ್ಕೆ ದೂರದ ಊರಲ್ಲ, ಎರಡೂ ಕಡೆಯ ನೇಯ್ಗೆಗೆ ನಂಟಿದೆ. ಆದರೆ ಇಳಕಲ್ ಸೀರೆ ಎಂದು ಹುಡುಕುವವರ ಮನಸ್ಸಿನಲ್ಲಿರುವುದು ನಿರ್ದಿಷ್ಟ ವಸ್ತು: ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿದ್ದು, ಕೆಂಪು ಸೆರಗಿನಲ್ಲಿ ಬಿಳಿಯ ತೆನೆಯಂಥ ವಿನ್ಯಾಸವಿರುವ ಟೋಪ್ ತೆನಿ. ಅಂಥ ಕೊಂಡಿ, ಅಂಥ ಸೆರಗು ಇರುವ ಸೀರೆಗೆ ಆ ಪದ ಹತ್ತಿರದ್ದು. ಇಲ್ಲಿನ ಚೌಕಳಿ ಹತ್ತಿ ಸೀರೆಯಲ್ಲಿ ಅದಿಲ್ಲ, ಹಾಗಾಗಿ ಪದ ಹೊಂದುವುದಿಲ್ಲ. ಕಾಂಚೀಪುರಂ, ಪೈಠಣಿಗಳ ವಿಚಾರದಲ್ಲಿ ಇಷ್ಟು ಯೋಚಿಸುವ ಅಗತ್ಯವೂ ಇಲ್ಲ. ಅವೆರಡೂ ನೋಂದಾಯಿತ ಭೌಗೋಳಿಕ ಹೆಸರುಗಳು. ಬೇರೆ ಕಡೆಯ ಸರಕಿಗೆ ಆ ಹೆಸರನ್ನು ಹಚ್ಚಿ ಮಾರಿದರೆ 1999ರ ಭೌಗೋಳಿಕ ಸೂಚನೆಗಳ ಕಾಯ್ದೆ ಅಡ್ಡ ಬರುತ್ತದೆ. ತನ್ನ ನೇಯ್ಗೆಗೆ ತನ್ನದೇ ಹೆಸರಿರುವ ಊರಿನವರು ಇನ್ನೊಂದು ಊರಿನ ಹೆಸರು ಹೊತ್ತು ಮಾರುವುದರಲ್ಲಿ ಮಾರಾಟದ ನಷ್ಟಕ್ಕಿಂತ ದೊಡ್ಡ ನಷ್ಟವೂ ಅಡಗಿದೆ. ಪಟ್ಟೇದ ಅಂಚು ಎಂದು ಯಾರೂ ಬರೆಯದಿದ್ದರೆ, ಅದನ್ನು ಹುಡುಕಲು ಕಲಿಯುವವರೂ ಇರುವುದಿಲ್ಲ.

ಹೊಂದುವ ಪದಗಳನ್ನೂ ಎಲ್ಲಿ ಇಡಬೇಕೆಂಬ ವಿವೇಕ ಬೇಕು. ಕಾಗುಣಿತದ ಬೇರೆ ಬೇರೆ ರೂಪಗಳು ಶೀರ್ಷಿಕೆಯಲ್ಲಿ ಕೂತರೆ ಓದುವವರಿಗೆ ಕಿರಿಕಿರಿ. ಅವುಗಳಿಗಾಗಿಯೇ ಅಮೆಜಾನಿನಂಥ ಅಂಗಡಿಗಳಲ್ಲಿ ಗ್ರಾಹಕರಿಗೆ ಕಾಣದ ಪ್ರತ್ಯೇಕ ಜಾಗವಿದೆ. ಆ ಜಾಗವನ್ನು ಅಕ್ಷರಗಳಲ್ಲಿ ಅಲ್ಲ, ಬೈಟ್‌ಗಳಲ್ಲಿ ಅಳೆಯುತ್ತಾರೆ, ಮಿತಿ ಸಾಮಾನ್ಯವಾಗಿ 200ರಿಂದ 250 ಬೈಟ್‌ಗಳ ನಡುವೆ. ಕನ್ನಡದಲ್ಲಿ ಬರೆಯುವವರು ಇದನ್ನು ತಿಳಿದಿರಬೇಕು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ಹಲಂತ ಎಲ್ಲವೂ ಒಂದೊಂದು ಸಂಕೇತವೇ. ಹಾಗಾಗಿ `Gajendragad` 11 ಬೈಟ್, `ಗಜೇಂದ್ರಗಡ` 27 ಬೈಟ್. ಹುಡುಕಾಟದ ವರದಿಯಲ್ಲಿ ಕನ್ನಡ ಲಿಪಿಯ ಹುಡುಕಾಟ ಕಂಡಿದ್ದರೆ ಆ 27 ಬೈಟ್ ಸಾರ್ಥಕ. ಮಿತಿ ಮೀರಿ ತುಂಬಿದರೆ ಅಲ್ಲಿ ಬರೆದದ್ದೆಲ್ಲ ಲೆಕ್ಕಕ್ಕೇ ಬಾರದೆ ಹೋಗುವ ಅಪಾಯವಿದೆ.

ಹೆಚ್ಚಾದ ಪದಗಳಿಂದಲೇ ಮಾರಾಟ ಕುಗ್ಗಿದೆಯೇ ಎಂದು ತಿಳಿಯಲು ಒಟ್ಟು ಮೊತ್ತ ನೋಡಿದರೆ ಸಾಲದು, ಮೇಲಿನ ಲೆಕ್ಕದಲ್ಲಿ ಒಟ್ಟು ಮಾರಾಟ ಏರಿಯೇ ಇತ್ತು. ಅಂಗಡಿಗಳು ಕೊಡುವ ಹುಡುಕಾಟದ ವರದಿಯನ್ನು ಪದವಾರು ಓದಬೇಕು: ಪ್ರತಿ ಪದಕ್ಕೆ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಎಷ್ಟು ಜನ ಕೊಂಡರು. ಕಾಣಿಸಿದ್ದು ಬಹಳ, ಒತ್ತಿದ್ದು ಕಡಿಮೆ ಎಂದಿದ್ದರೆ ಫೋಟೋ, ಬೆಲೆಗಳೂ ಕಾರಣವಿರಬಹುದು. ಆದರೆ ಅದೇ ಫೋಟೋ, ಅದೇ ಬೆಲೆಗೆ ಬೇರೆ ಪದಗಳಲ್ಲಿ ಜನ ಒತ್ತುತ್ತಿದ್ದರೆ ದೋಷ ಆ ಪದದ್ದು. ಎಲ್ಲಕ್ಕಿಂತ ಗಂಭೀರವಾದ ಸೂಚನೆ ಇನ್ನೊಂದು: ಹೊಸ ಪದ ಸೇರಿದ ಮೇಲೆ ಹಳೆಯ ಒಳ್ಳೆಯ ಪದಗಳಲ್ಲೇ ಕೊಳ್ಳುವವರ ಪಾಲು ಇಳಿಯುವುದು. ಹಾಗಾದಾಗ ಕೆಟ್ಟಿರುವುದು ಶೀರ್ಷಿಕೆಯ ಓದು ಅಥವಾ ಗ್ರಾಹಕರ ಅಭಿಪ್ರಾಯ ಎಂದು ತಿಳಿಯಬೇಕು.

ಸಣ್ಣ ಸಂಖ್ಯೆಗಳಿಂದ ಅವಸರದ ತೀರ್ಮಾನಕ್ಕೆ ಬರುವ ಅಪಾಯವೂ ಅಷ್ಟೇ ದೊಡ್ಡದು. ನೂರು ಜನ ಒತ್ತಿದರೆ ಸರಾಸರಿ ಐವರು ಕೊಳ್ಳುವ ಒಳ್ಳೆಯ ಪದವೊಂದಿದೆ ಎಂದುಕೊಂಡರೆ, ಅದರಲ್ಲೂ 20 ಒತ್ತುವಿಕೆಗೆ ಒಂದೂ ಮಾರಾಟವಾಗದ ಸಂಭವ ನೂರಕ್ಕೆ 36ರಷ್ಟಿದೆ. ಬರೀ ಅದೃಷ್ಟದ ಏರುಪೇರು. 60 ಒತ್ತುವಿಕೆಯಾದರೂ ಮಾರಾಟ ಸೊನ್ನೆ ಎಂಬ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ, ಆಗ ಪದವನ್ನು ಅನುಮಾನಿಸಲು ಆಧಾರ ಸಿಕ್ಕಂತೆ. ತಿಂಗಳಿಗೆ 40 ಜನ ಒತ್ತುವ ಲಿಸ್ಟಿಂಗಿನಲ್ಲಿ ಒಂದೇ ಪದಕ್ಕೆ 60 ಸೇರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕಾಯಲಾಗದವರಿಗೆ ಸರಕಿನ ಸ್ವರೂಪವೇ ಆಧಾರ: ರೇಷ್ಮೆಯಲ್ಲದ ಸೀರೆಯಿಂದ ರೇಷ್ಮೆ ಎಂಬ ಪದ ತೆಗೆಯಲು ಅಂಕಿಅಂಶ ಬೇಕಿಲ್ಲ. ಅನುಮಾನಕ್ಕೆ ಎಡೆಯಿರುವ ಪದಗಳನ್ನು ಒಂದೊಂದಾಗಿ ಬದಲಾಯಿಸಬೇಕು. ಶೀರ್ಷಿಕೆ, ಫೋಟೋ, ಬೆಲೆ ಮೂರನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಯುಗಾದಿ, ದಸರೆ, ಮದುವೆಯ ಹಂಗಾಮುಗಳಲ್ಲಿ ಸೀರೆಯ ಹುಡುಕಾಟ ತಾನಾಗಿಯೇ ಏರುವುದರಿಂದ, ಹಂಗಾಮಿನ ತಿಂಗಳನ್ನು ಹಿಂದಿನ ವರ್ಷದ ಅದೇ ಹಂಗಾಮಿನೊಂದಿಗೆ ಹೋಲಿಸಿ ನೋಡಬೇಕು.